ಅರ್ಧಕ್ಕೆ ಬಿಟ್ಟೆದ್ದರೂ ಕೆಡದ ಕೆಲಸ: ಮನೆಯಲ್ಲೇ ಸೀರೆ ಕುಚ್ಚು

ಮನೆಯಲ್ಲಿ ಎರಡು ವರ್ಷದ ಮಗು ಇದ್ದರೆ ಒಂದು ಸಲಕ್ಕೆ ಕೈಗೆ ಸಿಗುವುದು ಹತ್ತು ನಿಮಿಷ, ತಪ್ಪಿದರೆ ಹದಿನೈದು. ಆಮೇಲೆ ಏನೋ ಬೀಳುತ್ತದೆ, ಯಾರೋ ಅಳುತ್ತಾರೆ. ಹಾಗಾಗಿ ಮನೆಯಿಂದಲೇ ಏನಾದರೂ ದುಡಿಮೆ ಮಾಡೋಣ ಅಂದುಕೊಂಡವರು ಮೊದಲು ಕೇಳಿಕೊಳ್ಳಬೇಕಾದದ್ದು ಲಾಭ ಎಷ್ಟು ಅಂತಲ್ಲ. ಈ ಕೆಲಸವನ್ನು ನಡುವೆ ಬಿಟ್ಟೆದ್ದು ಎರಡು ಗಂಟೆ ಆದಮೇಲೆ ಬಂದರೆ ಅದು ಕೆಟ್ಟಿರುತ್ತದಾ?

ಸಾಂಬಾರ್ ಪುಡಿ ಕೆಟ್ಟಿರುತ್ತದೆ. ಬಾಣಲೆಯಲ್ಲಿ ಧನಿಯಾ ಇಟ್ಟು ಮಗುವಿನ ಹಿಂದೆ ಓಡಿದರೆ ವಾಪಸ್ ಬರುವಷ್ಟರಲ್ಲಿ ಸೀದು ಹೋಗಿರುತ್ತದೆ. ತಿನ್ನುವ ಪದಾರ್ಥ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಆನ್‌ಲೈನ್ ಟ್ಯೂಷನ್‌ಗೆ ಗಂಟೆ ಹೊಡೆದ ಹಾಗೆ ಕೂರಬೇಕು, ಅದು ಮಗುವಿಗೆ ಗೊತ್ತಾಗಲ್ಲ. ಮೈಸೂರು, ಮಂಡ್ಯ ಕಡೆ ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುವ ಒಂದು ಕೆಲಸ ಸೀರೆ ಸೆರಗಿಗೆ ಕುಚ್ಚು ಹಾಕುವುದು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ರೇಷ್ಮೆ ಕಾರ್ಖಾನೆ ಶುರುವಾದ ಊರು ಮೈಸೂರು. ಬೀರುವಿನಲ್ಲಿ ರೇಷ್ಮೆ ಸೀರೆ ಇಲ್ಲದ ಮನೆ ಕಡಿಮೆ. ಗಿರಾಕಿ ಹುಡುಕಿಕೊಂಡು ಊರು ಸುತ್ತಬೇಕಿಲ್ಲ, ಪಕ್ಕದ ಬೀದಿಯಲ್ಲೇ ಇರುತ್ತಾರೆ.

ಆದರೆ ಎಲ್ಲ ಕುಚ್ಚೂ ಇದಕ್ಕೆ ಆಗಿಬರುವುದಿಲ್ಲ. ಕ್ರೋಶಾ ಕುಚ್ಚಿನಲ್ಲಿ ಕಡ್ಡಿ ಜಾರಿದರೆ ಕೊನೆಯ ಕುಣಿಕೆ ಬಿಚ್ಚಿ, ಹಿಂದಿನ ನಾಲ್ಕೈದು ಹೊಲಿಗೆಯೂ ಅದರ ಜೊತೆ ಹೋಗುತ್ತವೆ. ಮಣಿ ಕುಚ್ಚು ಬೇಡವೇ ಬೇಡ. ಈ ವಯಸ್ಸಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಒಂದು ಮಣಿ ಗಂಟಲಲ್ಲಿ ಸಿಕ್ಕಿಕೊಂಡರೆ ಸಾಕು. ಸೀರೆಯ ಮೇಲೇ ದಾರ ಪೋಣಿಸಿ ಗಂಟು ಹಾಕುವ ಪದ್ಧತಿಯೂ ಇದೆ. ಅದರಲ್ಲಿ ಕೆಲಸ ಮುಗಿಯುವವರೆಗೂ ಗಿರಾಕಿಯ ಸೀರೆ ಹೊರಗೇ ಇರಬೇಕು. ಅನ್ನ ಸಾರು ಕಲಸಿದ ಕೈ ಓಡಾಡುವ ಮನೆಯಲ್ಲಿ ಅದು ಆಗದ ಮಾತು. ಮೈಸೂರು ಸಿಲ್ಕ್‌ನಂಥ ತೆಳು ಕ್ರೇಪ್‌ನಲ್ಲಿ ದಪ್ಪ ಸೂಜಿಯ ತೂತೂ ಎದ್ದು ಕಾಣುತ್ತದೆ.

ಹಾಗಾಗಿ ನಾನು ಹೇಳುವ ದಾರಿ ಇದು: ಕುಚ್ಚನ್ನು ಬೇರೆಯಾಗಿ ಕಟ್ಟಿಟ್ಟುಕೊಳ್ಳಿ, ಸೀರೆಗೆ ಕೊನೆಯಲ್ಲಿ ಹೊಲಿಯಿರಿ. ಒಂದು ಕುಚ್ಚು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲಿ ಎದ್ದರೂ ನಷ್ಟವಾಗುವುದು ಹೆಚ್ಚೆಂದರೆ ಕೈಯಲ್ಲಿದ್ದ ಆ ಒಂದು ಕುಚ್ಚು.

ಸೀರೆ ತೆಗೆದುಕೊಳ್ಳುವಾಗ

ಕುವೆಂಪುನಗರದ ಒಬ್ಬ ತಾಯಿಗೆ ಮೊದಲ ಆರ್ಡರ್ ಬಂತು ಅಂತ ಇಟ್ಟುಕೊಳ್ಳೋಣ. ಮರೂನ್ ಮೈ, ಹಸಿರು ಅಂಚಿನ ಸೀರೆ. ಗಿರಾಕಿ ಎದುರೇ ಸೆರಗು ಬಿಚ್ಚಿ ನೋಡಬೇಕು. ಕಲೆ, ಎಳೆ ಕಿತ್ತದ್ದು, ಜರಿ ಬಿಟ್ಟದ್ದು ಏನಿದ್ದರೂ ಅಲ್ಲೇ ತೋರಿಸಿ, ಫೋಟೊ ತೆಗೆದು ಅವರ ವಾಟ್ಸ್ಯಾಪ್‌ಗೇ ಕಳಿಸಿ. ಸುಮ್ನೆ ಅನುಮಾನ ಅಂತಲ್ಲ, ಆಮೇಲೆ ಇಬ್ಬರಿಗೂ ಮಾತು ಬೆಳೆಯುವುದು ಬೇಡ. ಅಜ್ಜಿ ಕಾಲದ ಹಳೇ ಜರಿ ಸೀರೆ ತಂದರೆ ಮೊದಮೊದಲು ಒಪ್ಪಿಕೊಳ್ಳಬೇಡಿ. ಸೆರಗಿನ ತುದಿ ಮಡಚಿ ಹೊಲಿದಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಂಡು ಬರಲು ಹೇಳಿ. ಮಡಿಕೆ ಇಲ್ಲದ ತುದಿಗೆ ಕುಚ್ಚು ಹೊಲಿದರೆ ನಾಲ್ಕು ಸಲ ಉಡುವಷ್ಟರಲ್ಲಿ ನೇಯ್ಗೆ ಬಿಚ್ಚಿಕೊಳ್ಳುತ್ತದೆ.

ಬಣ್ಣ ಆರಿಸುವುದು ಹಗಲು ಬೆಳಕಿನಲ್ಲಿ, ಬಾಗಿಲ ಹತ್ತಿರ. ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡ ಮರೂನ್ ಬೆಳಿಗ್ಗೆ ನೋಡಿದರೆ ನೇರಳೆಗೆ ಹೊರಳಿರುತ್ತದೆ. ರೇಷ್ಮೆ ದಾರದ ರೀಲುಗಳಿಂದ ಒಂದೊಂದು ಬಣ್ಣದ ಎಳೆ ಕತ್ತರಿಸಿ ರಟ್ಟಿಗೆ ಅಂಟಿಸಿಟ್ಟುಕೊಂಡರೆ ಗಿರಾಕಿ ಅದನ್ನು ಸೀರೆಗೆ ಹಿಡಿದು ತಾವೇ ಹೇಳುತ್ತಾರೆ. ಮರೂನ್, ಹಸಿರು, ನೀಲಿ, ಅರಿಶಿನ, ಕೆಂಪು, ಗುಲಾಬಿ ಇಷ್ಟಿದ್ದರೆ ಶುರು ಮಾಡಬಹುದು. ಉಳಿದದ್ದನ್ನು ಮನೆಯವರು ಯಾರಾದರೂ ಪೇಟೆಗೆ ಹೋದಾಗ ತರಿಸಿಕೊಳ್ಳಿ.

ಹೊಸ ರೀಲು ಬಂದರೆ ಒಂದು ಪರೀಕ್ಷೆ ತಪ್ಪಿಸಬಾರದು. ಒಂದಡಿ ದಾರ ಒದ್ದೆ ಮಾಡಿ, ಬಿಳೀ ಕಾಟನ್ ಬಟ್ಟೆಯೊಳಗೆ ಮಡಚಿ, ಮೇಲೆ ಇಸ್ತ್ರಿ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ರೀಲು ಸೀರೆಗೆ ಬೇಡ. ಕೆಂಪು, ಮರೂನ್‌ನಲ್ಲಿ ಈ ಕಾಟ ಜಾಸ್ತಿ. ಗಿರಾಕಿ ಮನೆಯಲ್ಲಿ ಸೆರಗು ನೆನೆದ ದಿನ ಗೊತ್ತಾದರೆ ಪ್ರಯೋಜನವಿಲ್ಲ.

ಲೆಕ್ಕ

ಸೆರಗಿನ ಅಗಲ 46 ಇಂಚು ಅನ್ನಿ. ಎರಡೂ ತುದಿಯಲ್ಲಿ ಅರ್ಧರ್ಧ ಇಂಚು ಬಿಟ್ಟರೆ 45 ಉಳಿಯಿತು. ಮುಕ್ಕಾಲು ಇಂಚಿಗೆ ಒಂದರಂತೆ 60 ಸಂದು, ಅಂದರೆ 61 ಕುಚ್ಚು. ಮರೂನ್ ಒಂದು, ಹಸಿರು ಒಂದು ಅಂತ ಹಾಕುವಾಗ ಬೆಸ ಸಂಖ್ಯೆ ಬರುವಂತೆ ನೋಡಿಕೊಳ್ಳಿ. ಆಗ ಎರಡೂ ತುದಿಗೆ ಒಂದೇ ಬಣ್ಣ ಬರುತ್ತದೆ. ಇಲ್ಲದಿದ್ದರೆ ಒಂದು ಕಡೆ ಮರೂನ್, ಇನ್ನೊಂದು ಕಡೆ ಹಸಿರು ನಿಂತು ಏನೋ ತಪ್ಪಿದ ಹಾಗೆ ಕಾಣುತ್ತದೆ.

ಎರಡೂವರೆ ಇಂಚಿನ ರಟ್ಟಿಗೆ ದಾರ ಒಂದು ಸುತ್ತು ಸುತ್ತಿದರೆ 5 ಇಂಚು. ಕುಚ್ಚಿಗೆ 20 ಸುತ್ತು, ಅಂದರೆ 100 ಇಂಚು. 61 ಕುಚ್ಚಿಗೆ ಸುಮಾರು 155 ಮೀಟರ್. ರೀಲಿನ ಮೇಲೆ ಎಷ್ಟು ಮೀಟರ್ ಅಂತ ಬರೆದಿರುತ್ತದೆ, ನೋಡಿಕೊಂಡು ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ. ನಡುವೆ ಮುಗಿದು ಹೊಸ ರೀಲು ತಂದರೆ ಬಣ್ಣ ಒಂದು ಚೂರು ಆಚೀಚೆ ಆಗುವುದುಂಟು.

ಕಟ್ಟುವುದು

ರಟ್ಟಿಗೆ 20 ಸುತ್ತು ಸುತ್ತಿ. ಬಿಗಿಯಾಗಿ ಎಳೆಯಬೇಡಿ, ಕತ್ತರಿಸಿದಾಗ ಕುಗ್ಗುತ್ತದೆ. ಅದೇ ಬಣ್ಣದ ಒಂದು ಗೇಣು ದಾರವನ್ನು ಮೇಲಿನ ಅಂಚಿನಲ್ಲಿ ಸುತ್ತುಗಳ ಕೆಳಗೆ ತೂರಿಸಿ ಎರಡು ಗಂಟು ಹಾಕಿ. ಇದರ ಎರಡು ಬಾಲವನ್ನು ಹಾಗೇ ಬಿಡಿ, ಮುಂದೆ ಸೀರೆಗೆ ಹೊಲಿಯುವುದು ಇದರಿಂದಲೇ. ಈಗ ಕೆಳಗಿನ ಅಂಚನ್ನು ಕತ್ತರಿಸಿ ರಟ್ಟು ತೆಗೆಯಿರಿ. ಮೇಲಿನಿಂದ ಕಾಲು ಇಂಚು ಕೆಳಗೆ ಜರಿ ದಾರವನ್ನು ಐದಾರು ಸುತ್ತು ಬಿಗಿದು ಸುತ್ತಿದರೆ ಕುಚ್ಚಿಗೆ ಕತ್ತು ಬಂತು.

ಕೆಡುವುದು ಇಲ್ಲೇ. ರೇಷ್ಮೆ ದಾರ ನುಣುಪು, ಜರಿಯ ಗಂಟು ತಾನಾಗೇ ಸಡಿಲವಾಗುತ್ತದೆ. ಗಮ್ಮು ಹಚ್ಚುವವರಿದ್ದಾರೆ. ಅದು ಒಣಗಿದ ಮೇಲೆ ಕಪ್ಪು ಚುಕ್ಕೆಯಾಗಿ ಉಳಿಯುವ ಅಪಾಯವಿದೆ. ಅದರ ಬದಲು ಜರಿಯ ತುದಿಯನ್ನು ಸೂಜಿಗೆ ಪೋಣಿಸಿ ಕತ್ತಿನ ನಡುವಿಂದ ಎರಡು ಸಲ ಆಚೀಚೆ ಹಾಯಿಸಿ ಕತ್ತರಿಸಿ. ಆಮೇಲೆ ಒಂದೆರಡು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಕೈಗೆ ಬಂತೆಂದರೆ ಕತ್ತು ಸಡಿಲ, ಮತ್ತೆ ಸುತ್ತಿ. ಬರಲಿಲ್ಲವಾದರೆ ಡಬ್ಬಿಗೆ ಹಾಕಿ.

ಸುತ್ತುವ ಕೆಲಸಕ್ಕೆ ಸೂಜಿ, ಕತ್ತರಿ ಬೇಡ. ಮಗು ಎದುರಿಗೆ ಆಡುತ್ತಿದ್ದಾಗಲೂ ಮೇಜಿನ ಹತ್ತಿರ ಕೂತು ಹತ್ತು ಹದಿನೈದು ರಟ್ಟು ಸುತ್ತಿಟ್ಟುಕೊಳ್ಳಬಹುದು. ಕತ್ತರಿಸುವುದು, ಸೂಜಿ ಹಾಯಿಸುವುದೆಲ್ಲ ಮಗು ಮಲಗಿದಾಗ ಮಾತ್ರ. ಮನೆಯಲ್ಲಿ ಎರಡೇ ಸೂಜಿ ಹೊರಗಿರಲಿ, ಎದ್ದೇಳುವಾಗ ಎರಡೂ ಡಬ್ಬಿಯಲ್ಲಿವೆಯಾ ಅಂತ ಎಣಿಸಿಯೇ ಏಳಿ. ಸೂಜಿಯಲ್ಲಿ ಸದಾ ಒಂದು ಮೊಳ ಬಣ್ಣದ ದಾರ ಇರಲಿ, ಬಿದ್ದರೆ ಕಣ್ಣಿಗೆ ಬೀಳುತ್ತದೆ. ಕತ್ತರಿಸಿದ ದಾರದ ಚೂರನ್ನೂ ಗುಡಿಸಿಬಿಡಿ. ಪುಟ್ಟ ಬೆರಳಿಗೆ ಎಳೆ ಸುತ್ತಿಕೊಂಡು ರಕ್ತ ಓಡದೆ ಊದಿಕೊಳ್ಳುವುದಿದೆ.

ಸೀರೆಗೆ ಹೊಲಿಯುವುದು

61 ಕುಚ್ಚೂ ಡಬ್ಬಿಗೆ ಬಂದಮೇಲೆ ಸೀರೆ ಹೊರಗೆ ತೆಗೆಯಿರಿ. ಅದುವರೆಗೆ ಅದು ಬೀರುವಿನ ಮೇಲಿನ ಅರೆಯಲ್ಲಿರಲಿ. ಮಡಚಿದ ಸೀರೆಯನ್ನು ಒಗೆದ ದಿಂಬಿನ ಕವರ್‌ನೊಳಗೆ ಇಟ್ಟು ಸೆರಗಿನ ತುದಿ ಒಂದು ಗೇಣು ಮಾತ್ರ ಹೊರಗೆ ಬಿಟ್ಟುಕೊಂಡರೆ ಒಳ್ಳೆಯದು. ಮಗು ಎದ್ದ ಕೂಡಲೇ ತುದಿಯನ್ನೂ ಒಳಗೆ ತಳ್ಳಿ, ಕವರ್ ಎತ್ತಿ ಮೇಲಿಟ್ಟರೆ ಮುಗಿಯಿತು.

ಮುಕ್ಕಾಲು ಇಂಚಿಗೊಂದು ಗುರುತನ್ನು ಪೆನ್ನಿನಿಂದ ಹಾಕಬೇಡಿ. ಬಟ್ಟೆ ಟೇಪನ್ನೇ ಅಂಚಿಗೆ ಹಿಡಿದು ನೋಡಿಕೊಂಡು ಹೊಲಿಯಿರಿ. ಕುಚ್ಚಿನ ಒಂದು ಬಾಲವನ್ನು ತೆಳು ಸೂಜಿಗೆ ಪೋಣಿಸಿ ಮಡಿಕೆಯ ತುದಿಯಲ್ಲಿ ಎರಡು ಹೊಲಿಗೆ ಹಾಕಿ. ಇನ್ನೊಂದು ಬಾಲಕ್ಕೆ ಕಟ್ಟಿ, ಗಂಟನ್ನು ಮಡಿಕೆಯೊಳಗೆ ಸೇರಿಸಿ. ಬಿಗಿಯಾಗಿ ಎಳೆದರೆ ಸೆರಗಿನ ತುದಿ ಅಲೆಅಲೆಯಾಗಿ ನಿಲ್ಲುತ್ತದೆ. ಹತ್ತು ಕುಚ್ಚಾದ ಮೇಲೆ ಒಮ್ಮೆ ಅಂಗೈ ಮೇಲೆ ಹಾಸಿ ನೋಡಿ, ಬಟ್ಟೆ ಸುಕ್ಕಿಲ್ಲದೆ ಮಲಗಿದರೆ ಸರಿಯಾಗಿದೆ.

ಎಲ್ಲ ಹೊಲಿದಾದ ಮೇಲೆ ಮೇಲೆ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಕುಚ್ಚುಗಳಿಗೆ ಇಸ್ತ್ರಿ ಮಾಡಿ, ಹಿಂದೆ ರಟ್ಟು ಹಿಡಿದು ತುದಿ ಸಮ ಮಾಡಿ. ಮೊದಲೇ ಒಂದೊಂದಾಗಿ ಸಮ ಮಾಡಿದ್ದರೆ ಇಲ್ಲಿ ಮತ್ತೆ ಕತ್ತರಿಸಬೇಕಾಗುತ್ತದೆ.

ದಿನ, ದುಡ್ಡು

ಹೊಸಬರಿಗೆ ಒಂದು ಕುಚ್ಚು ಕಟ್ಟಲು ಎರಡೂವರೆ ನಿಮಿಷ, ಹೊಲಿಯಲು ಎರಡು ನಿಮಿಷ ಹಿಡಿದರೂ ಬಿಡಿ ಕೆಲಸ ಸೇರಿ ಒಂದು ಸೀರೆಗೆ ಐದು ಗಂಟೆ. ದಿನಕ್ಕೆ ಅಲ್ಲಿಷ್ಟು ಇಲ್ಲಿಷ್ಟು ಸೇರಿ ಒಂದು ಗಂಟೆ ಸಿಕ್ಕಿದರೆ ಐದು ದಿನ. ಗಿರಾಕಿಗೆ ಹೇಳಬೇಕಾದ್ದು ಹತ್ತು ದಿನ. ಮಗುವಿಗೆ ಜ್ವರ ಬಂದ ವಾರವೂ ಇರುತ್ತದೆ, ಅಲ್ವಾ?

ದರ ಬೀದಿಯಿಂದ ಬೀದಿಗೆ ಬೇರೆ. ಹತ್ತಿರದ ಬ್ಲೌಸ್ ಟೈಲರ್ ಹತ್ತಿರ ವಿಚಾರಿಸಿ. ಲೆಕ್ಕಕ್ಕೆ 500 ರೂಪಾಯಿ ತೆಗೆದುಕೊಂಡು ದಾರ, ಜರಿಗೆ 80 ಹೋಯಿತು ಅಂದರೆ ಕೈಗೆ 420, ಗಂಟೆಗೆ 84. ಜಾಸ್ತಿಯೇನಲ್ಲ. ಕೈ ಪಳಗಿ ಐದು ಗಂಟೆ ಮೂರಕ್ಕೆ ಇಳಿದರೆ ಅದೇ ದರದಲ್ಲಿ ಗಂಟೆಗೆ 140 ಆಗುತ್ತದೆ. ಹಾಗಾಗಿ ಮೊದಲ ಕೆಲವು ಸೀರೆಗೆ ಹೊಸ ಹೊಸ ಡಿಸೈನ್ ಬೇಡ, ಒಂದನ್ನೇ ಹಾಕಿ. ಟೈಲರ್ ಜೊತೆ ಇನ್ನೊಂದು ಮಾತೂ ಆಡಿ: ಬ್ಲೌಸ್ ಬೆನ್ನಿನ ದಾರಕ್ಕೆ ತೂಗುಬಿಡುವುದೂ ಇಂಥ ಕುಚ್ಚೇ. ಸ್ವಲ್ಪ ದೊಡ್ಡದಾಗಿ ಜೋಡಿ ಲೆಕ್ಕದಲ್ಲಿ ಕಟ್ಟಿಕೊಟ್ಟರೆ ಯಾರ ಸೀರೆಯನ್ನೂ ಮನೆಯಲ್ಲಿಟ್ಟುಕೊಳ್ಳುವ ತಲೆನೋವಿಲ್ಲ.

ಅರ್ಧ ದುಡ್ಡು ಮುಂಗಡ ತೆಗೆದುಕೊಳ್ಳಿ. ಜಿಎಸ್‌ಟಿ ಚಿಂತೆ ಈ ಮಟ್ಟದ ಕೆಲಸಕ್ಕಿಲ್ಲ. ಮುಂದೆ ಬ್ಯಾಂಕ್ ಸಾಲ ಬೇಕೆನಿಸಿದರೆ udyamregistration.gov.in ನಲ್ಲಿ ಆಧಾರ್ ಹಾಕಿ ಉದ್ಯಮ್ ನೋಂದಣಿ ಮಾಡಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ.

ಆಷಾಢದಲ್ಲಿ ಮದುವೆ ಇಲ್ಲ, ಆರ್ಡರೂ ಕಡಿಮೆ. ಮರೂನ್, ಹಸಿರು, ಜರಿ ಬಣ್ಣದ ಕುಚ್ಚುಗಳನ್ನು ಆಗಲೇ ಕಟ್ಟಿ ಡಬ್ಬಿ ತುಂಬಿಸಿಟ್ಟುಕೊಳ್ಳಿ. ಶ್ರಾವಣ ಬಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇರುವಾಗ ಸೀರೆ ಹಿಡಿದು ಬರುವವರು ಇದ್ದೇ ಇರುತ್ತಾರೆ. ಡಬ್ಬಿಯಲ್ಲಿ ಅವರ ಬಣ್ಣದ 61 ಕುಚ್ಚು ಇದ್ದರೆ ಮಾತ್ರ ಹೂಂ ಅನ್ನಿ.