ಬ್ರಿಟನ್‌ನ ಕುಟುಂಬ ವೀಸಾ: ಎ1 ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುವುದು ಹೇಗೆ?

ಬ್ರಿಟನ್‌ನಲ್ಲಿ ನೆಲೆಸಿರುವ ಗಂಡ ಅಥವಾ ಹೆಂಡತಿಯನ್ನು ಸೇರಿಕೊಳ್ಳಲು ಮೊದಲ ಬಾರಿಗೆ ಕುಟುಂಬ ವೀಸಾ ಕೇಳುವವರು, ವಿನಾಯಿತಿ ಇಲ್ಲದಿದ್ದರೆ, ತೀರಾ ಆರಂಭಿಕ ಹಂತವಾದ ಎ1 ಮಟ್ಟದ ಇಂಗ್ಲಿಷ್ ತಮಗೆ ಬರುತ್ತದೆ ಎಂದು ತೋರಿಸಬೇಕೆಂಬ ನಿಯಮ 2010ರ ನವೆಂಬರ್‌ನಿಂದ ಜಾರಿಯಲ್ಲಿದೆ. ಇಲ್ಲಿ ಓದುವ, ಬರೆಯುವ ಪರೀಕ್ಷೆ ಇಲ್ಲ. ಮಾತನಾಡುವುದು ಮತ್ತು ಕೇಳಿ ಅರ್ಥಮಾಡಿಕೊಳ್ಳುವುದು ಮಾತ್ರ. ಈ ಮಟ್ಟಕ್ಕೆ ಒಪ್ಪಿತವಾದ ಪರೀಕ್ಷೆಗಳಲ್ಲಿ ಒಂದಾದ ‘ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎ1’ ಅನ್ನೇ ಈ ಲೇಖನಕ್ಕೆ ಆರಿಸಿಕೊಂಡಿದೆ.

ಮೊದಲ ಎಚ್ಚರಿಕೆ ನೋಂದಣಿಯದು. ವಿದ್ಯಾರ್ಥಿಗಳು ಬರೆಯುವ ಸಾಮಾನ್ಯ ಐಇಎಲ್‌ಟಿಎಸ್ ಬೇರೆ, ಇದು ಬೇರೆ. ಆದ್ದರಿಂದ ಹಣ ಕಟ್ಟುವ ಮುನ್ನ ಪರದೆಯ ಮೇಲೆ IELTS Life Skills A1 ಎಂದೇ ಇದೆಯೇ, ಕೇಂದ್ರವು ಬ್ರಿಟನ್ ಸರ್ಕಾರದ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು gov.uk ತಾಣದಲ್ಲಿ ನೋಡಿಕೊಳ್ಳಬೇಕು. ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಇನಿಷಿಯಲ್ ಬಿಡಿಸಿ ಬರೆದಿದ್ದರೆ ಹಾಗೆಯೇ, ತುಂಬಬೇಕು. ಪರೀಕ್ಷೆಯ ದಿನ ಅದೇ ಪಾಸ್‌ಪೋರ್ಟ್ ಒಯ್ಯಬೇಕು.

ಪರೀಕ್ಷೆ 16ರಿಂದ 18 ನಿಮಿಷಗಳದ್ದು. ಒಬ್ಬ ಪರೀಕ್ಷಕರ ಮುಂದೆ ಇಬ್ಬರು ಅಭ್ಯರ್ಥಿಗಳು ಒಟ್ಟಿಗೆ ಕೂರುತ್ತಾರೆ. ಜೊತೆಗಿರುವವರು ಅಪರಿಚಿತರಾಗಿರಬಹುದು, ಆದರೆ ಅಂಕ ಅವರವರ ಮಾತಿಗೆ ಮಾತ್ರ, ಅವರು ತಡವರಿಸಿದರೆ ನಿಮಗೆ ನಷ್ಟವಿಲ್ಲ.

ಆರಂಭದಲ್ಲಿ ಹೆಸರು, ಊರು, ಮನೆಯವರು, ದಿನಚರಿಯ ಬಗ್ಗೆ ಪ್ರಶ್ನೆಗಳಿರುತ್ತವೆ. ಹೆಸರಿನ ಸ್ಪೆಲಿಂಗ್ ಹೇಳಿ ಎಂದೂ ಕೇಳಬಹುದು. ಸುಲಭವೆಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು, ತೊಡಕು ಇರುವುದೂ ಇಲ್ಲಿಯೇ. ಅಕ್ಷರಗಳ ಹೆಸರನ್ನು ನಮ್ಮಲ್ಲಿ ಅನೇಕರು ‘ಯಮ್’, ‘ಯನ್’, ‘ಯಲ್’, ‘ಯಸ್’ ಎಂದು ಹೇಳುತ್ತೇವೆ. ಇವು ‘ಎಮ್’, ‘ಎನ್’, ‘ಎಲ್’, ‘ಎಸ್’ ಆಗಬೇಕು. ‘ಎ’, ‘ಇ’, ‘ಐ’ ಮತ್ತು ‘ಜಿ’, ‘ಜೆ’ ಜೋಡಿಗಳೂ ಬೇಗನೆ ಹೇಳುವಾಗ ಅದಲುಬದಲಾಗುತ್ತವೆ. ನಿಮ್ಮ ಹೆಸರು, ಗಂಡನ ಅಥವಾ ಹೆಂಡತಿಯ ಹೆಸರು, ಊರು, ಬೀದಿ ಇಷ್ಟರ ಸ್ಪೆಲಿಂಗನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ ಬರೆಸಿ. ಬರೆದದ್ದು ತಪ್ಪಿದ್ದರೆ ಯಾವ ಅಕ್ಷರವನ್ನು ನೀವು ಸ್ಪಷ್ಟವಾಗಿ ಹೇಳುತ್ತಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ.

ಮುಂದಿನ ಹಂತದಲ್ಲಿ ಪರೀಕ್ಷಕರು ಒಂದು ವಿಷಯ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಡುತ್ತಾರೆ. ಬಳಿಕ ನೀವು ಮಾತನಾಡಬೇಕು, ಜೊತೆಗಾರರು ನಿಮ್ಮನ್ನು ಪ್ರಶ್ನೆ ಕೇಳಬೇಕು. ಆಮೇಲೆ ಸರದಿ ಬದಲಾಗುತ್ತದೆ. ‘ನೀವು ಹೋಗುವ ಅಂಗಡಿ’ ಎಂಬ ವಿಷಯ ಬಂದಿತು ಎಂದುಕೊಳ್ಳೋಣ. ಕನ್ನಡ ಮಾಧ್ಯಮದಲ್ಲಿ ಓದಿದ ಅಭ್ಯರ್ಥಿಯೊಬ್ಬರು ಆ ಒಂದು ನಿಮಿಷದಲ್ಲಿ ಎಲ್ಲಿ, ಯಾವಾಗ, ಯಾರ ಜೊತೆ, ಏನು, ಏಕೆ ಎಂಬ ಐದು ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಒಂದೊಂದಕ್ಕೂ ಚಿಕ್ಕ ವಾಕ್ಯ ಹೇಳಬಹುದು: ‘ದ ಶಾಪ್ ಈಸ್ ನಿಯರ್ ಮೈ ಹೌಸ್. ಐ ಗೋ ಆನ್ ಸಂಡೇ. ಐ ಗೋ ವಿತ್ ಮೈ ಸಿಸ್ಟರ್. ವಿ ಬೈ ರೈಸ್ ಅಂಡ್ ವೆಜಿಟಬಲ್ಸ್. ಐ ಲೈಕ್ ಇಟ್ ಬಿಕಾಸ್ ಇಟ್ ಈಸ್ ಚೀಪ್.’ ಎ1 ಮಟ್ಟಕ್ಕೆ ಇಂಥ ವಾಕ್ಯಗಳು ಸಾಕು. ಇಡೀ ಪ್ರಬಂಧವನ್ನು ಬಾಯಿಪಾಠ ಮಾಡುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ವಿಷಯ ಸ್ವಲ್ಪ ಬದಲಾದರೂ ಪಾಠ ಕೈಕೊಡುತ್ತದೆ. ಐದು ಪ್ರಶ್ನೆಗಳ ಈ ಕ್ರಮವಾದರೆ ಸ್ನೇಹಿತೆ, ಊಟ, ಹಬ್ಬ ಯಾವುದಕ್ಕೂ ಹೊಂದುತ್ತದೆ.

ಉತ್ತರ ಹೇಳಲು ಕಲಿತವರೂ ಪ್ರಶ್ನೆ ಕೇಳುವಾಗ ನಿಂತುಬಿಡುತ್ತಾರೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಉತ್ತರ ಕೊಡುತ್ತಾರೆಯೇ ಹೊರತು ಪ್ರಶ್ನೆ ಕೇಳುವ ರೂಢಿ ಕಡಿಮೆ. ಆದರೆ ಇಲ್ಲಿ ಮಾಹಿತಿ ಕೊಡುವುದಷ್ಟೇ ಅಲ್ಲ, ಮಾಹಿತಿ ಪಡೆಯುವುದೂ ಅಳೆಯುವ ಸಾಮರ್ಥ್ಯಗಳಲ್ಲಿ ಒಂದು. ‘ವೇರ್ ಡು ಯು’, ‘ವೆನ್ ಡು ಯು’, ‘ವೈ ಡು ಯು’ ಎಂಬ ಮೂರು ಆರಂಭಗಳನ್ನು ನಾಲಿಗೆಗೆ ರೂಢಿಸಿಕೊಂಡು, ಮನೆಯವರು ಏನೇ ಹೇಳಿದರೂ ಅದರ ಮೇಲೆ ಎರಡು ಪ್ರಶ್ನೆ ಕೇಳುವ ಅಭ್ಯಾಸವನ್ನು ಪ್ರತಿದಿನ ಮಾಡಬೇಕು.

ಕೇಳುವ ಭಾಗದಲ್ಲಿ ಎರಡು ಚಿಕ್ಕ ಧ್ವನಿಮುದ್ರಣಗಳಿರುತ್ತವೆ. ಮೊದಲ ಸಲ ಕೇಳುವಾಗ ಮಾತು ಎಲ್ಲಿ ಅಥವಾ ಯಾವುದರ ಬಗ್ಗೆ ನಡೆಯುತ್ತಿದೆ ಎಂಬುದನ್ನಷ್ಟೇ ಹಿಡಿಯಿರಿ. ಸಮಯ, ಬೆಲೆ, ದಿನದಂಥ ವಿವರಗಳನ್ನು ಎರಡನೆಯ ಸಲ ಗಮನಿಸಿ. ‘ಥರ್ಟೀನ್’ ಮತ್ತು ‘ಥರ್ಟಿ’, ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಜೋಡಿಗಳಲ್ಲಿ ಕಿವಿ ಮೋಸ ಹೋಗುವುದು ಹೆಚ್ಚು. ಕೊನೆಯಲ್ಲಿ ಇಬ್ಬರೂ ಒಂದು ವಿಷಯದ ಬಗ್ಗೆ ಪರಸ್ಪರ ಮಾತನಾಡಬೇಕು. ಜೊತೆಗಾರರು ಮೌನವಾದರೆ ‘ವಾಟ್ ಡು ಯು ಥಿಂಕ್?’ ಎಂದು ಕೇಳಿ. ಪರೀಕ್ಷಕರ ಮಾತು ತಿಳಿಯದಿದ್ದರೆ ಸುಮ್ಮನೆ ‘ಯೆಸ್’ ಎನ್ನದೆ ‘ಕ್ಯಾನ್ ಯು ಸೇ ದಟ್ ಅಗೇನ್, ಪ್ಲೀಸ್?’ ಎಂದು ಕೇಳಬಹುದು.

ಫಲಿತಾಂಶದಲ್ಲಿ ದರ್ಜೆಗಳಿಲ್ಲ, ಪಾಸ್ ಅಥವಾ ಫೇಲ್ ಅಷ್ಟೇ. ಪಾಸಾದವರು ಪ್ರಮಾಣಪತ್ರದ ಸಂಖ್ಯೆಯನ್ನು ವೀಸಾ ಅರ್ಜಿಯಲ್ಲಿ ನಮೂದಿಸಬೇಕು. ಫಲಿತಾಂಶಕ್ಕೆ ಎರಡು ವರ್ಷಗಳ ಮಾನ್ಯತೆ ಇರುವುದರಿಂದ, ಮದುವೆ ನೋಂದಣಿ, ಸಂಗಾತಿಯ ವರಮಾನದ ದಾಖಲೆ ಮೊದಲಾದವು ತಡವಾಗುವ ಸಂಭವವಿದ್ದರೆ ಪರೀಕ್ಷೆಯ ದಿನಾಂಕವನ್ನು ಅದಕ್ಕೆ ತಕ್ಕಂತೆ ಆರಿಸಿಕೊಳ್ಳಬೇಕು. ಅಲ್ಲಿಗೆ ಹೋದ ಬಳಿಕ ವೀಸಾ ವಿಸ್ತರಿಸುವಾಗ ಇದರ ಮೇಲಿನ ಎ2 ಮಟ್ಟವನ್ನು ಕೇಳುತ್ತಾರೆ. ಹಾಗಾಗಿ ಪ್ರಶ್ನೆ ಕೇಳುವ ಅಭ್ಯಾಸವನ್ನು ಎ1 ಮುಗಿದೊಡನೆ ನಿಲ್ಲಿಸಬಾರದು.