ಒಡೆದ ಟೈಮರ್ ನಾಬ್‌ಗೆ ಹೊಸ ಅಳತೆ

ಧಾರವಾಡದ ನಮ್ಮ ಮನೆಯ ವಾಷಿಂಗ್ ಮಷೀನಿನ ಟೈಮರ್ ನಾಬ್ ಒಳಗಿನ ಕೊಳವೆ ಉದ್ದಕ್ಕೂ ಸೀಳಿ, ತಿರುಗಿಸಿದರೂ ದಂಡ ತಿರುಗದಂತಾಗಿತ್ತು. ಹೊಸ ನಾಬನ್ನು 3ಡಿ ಪ್ರಿಂಟರ್‌ನಲ್ಲಿ ಮುದ್ರಿಸಲೆಂದು ಮೊದಲು ನಾನು ಆ ಒಡೆದ ರಂಧ್ರವನ್ನೇ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ತಪ್ಪು ಮಾಡಿದೆ. ಬಿರುಕು ಬಿಟ್ಟ ಭಾಗ ಅಗಲವಾಗಿರುವುದರಿಂದ ಆ ಅಳತೆಯನ್ನು ನಂಬಲಾಗದು. ಅಳೆಯಬೇಕಾದದ್ದು ಕೆಡದೆ ಉಳಿದಿರುವ ಲೋಹದ ದಂಡವನ್ನು.

ದಂಡದ ವ್ಯಾಸ 5.96 ಮಿ.ಮೀ., ಅದರ ಚಪ್ಪಟೆ ಬದಿಯಿಂದ ಎದುರಿನ ದುಂಡು ಬದಿಗೆ 4.48 ಮಿ.ಮೀ. ಬಂದಿತು. ಆದ್ದರಿಂದ ಮೂಲ ವಿನ್ಯಾಸ 6 ಮತ್ತು 4.5 ಇರಬೇಕೆಂದು ತಿಳಿದೆ. ಆದರೆ ಮುದ್ರಿಸಿದ ರಂಧ್ರ ಸಾಮಾನ್ಯವಾಗಿ ಕಂಪ್ಯೂಟರ್‌ನಲ್ಲಿ ರಚಿಸಿದ ಮಾದರಿಗಿಂತ ಕಿರಿದಾಗುತ್ತದೆ. ಹೀಗಾಗಿ ಇಡೀ ನಾಬ್ ಮುದ್ರಿಸುವ ಮೊದಲು 6.1, 6.2 ಮತ್ತು 6.3 ಮಿ.ಮೀ. ರಂಧ್ರಗಳಿರುವ, 5 ಮಿ.ಮೀ. ಎತ್ತರದ ಮೂರು ಉಂಗುರಗಳನ್ನು ಮುದ್ರಿಸಿ, ಚಪ್ಪಟೆ ಬದಿಯ ಅಳತೆಯನ್ನೂ ಅಷ್ಟಷ್ಟೇ ಹೆಚ್ಚಿಸಿ, ದಂಡಕ್ಕೆ ಹಾಕಿ ನೋಡಿದೆ. ಮೊದಲನೆಯದು ಒಳಗೆ ಹೋಗಲೇ ಇಲ್ಲ, ಮೂರನೆಯದು ಅಲುಗಾಡಿತು, 6.2ರದ್ದು ಬೆರಳಿನ ಒತ್ತಡಕ್ಕೆ ಬಿಗಿಯಾಗಿ ಕೂತಿತು.

ಸೀಳು ಶುರುವಾದದ್ದು ಚಪ್ಪಟೆ ಬದಿಯ ಮೂಲೆಯಲ್ಲಿ, ಅಲ್ಲಿ ಗೋಡೆ ಕೇವಲ 1.5 ಮಿ.ಮೀ. ಇತ್ತು. ಕೊಳವೆ ಹಾದುಹೋಗುವ ಫಲಕದ ರಂಧ್ರ 14 ಮಿ.ಮೀ. ಇದ್ದುದರಿಂದ ಗೋಡೆಯನ್ನು 3 ಮಿ.ಮೀ.ಗೆ ದಪ್ಪ ಮಾಡಲು ಅವಕಾಶವಿತ್ತು. ಮೂಲೆಗಳನ್ನೂ ಸ್ವಲ್ಪ ದುಂಡಾಗಿಸಿದೆ. ನಿರಂತರ ಬಿಗಿತದಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ನಿಧಾನವಾಗಿ ಸಡಿಲವಾಗುವುದರಿಂದ ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ಆರಿಸಿ, ಪದರದ ಎಳೆಗಳು ರಂಧ್ರವನ್ನು ಸುತ್ತುವರಿಯುವಂತೆ ನಾಬ್‌ನ ಮುಖವನ್ನು ಕೆಳಗಿಟ್ಟು ಮುದ್ರಿಸಿದೆ.