ಸ್ಪೇನಿನ ಆಲೂಗಡ್ಡೆ ಆಮ್ಲೆಟ್: ದಪ್ಪಗಿರಲಿ, ಒಣಗದಿರಲಿ

ಸ್ಪೇನಿನಲ್ಲಿ ಇದರ ಹೆಸರು ‘ತೋರ್ತಿಯಾ ದೆ ಪತಾತಾಸ್’. ಮೆಕ್ಸಿಕೊದ ಮೆಕ್ಕೆಜೋಳದ ರೊಟ್ಟಿಗೂ ತೋರ್ತಿಯಾ ಎಂದೇ ಹೆಸರು, ಆದರೆ ಅದೇ ಬೇರೆ, ಇದೇ ಬೇರೆ. ಆಲೂಗಡ್ಡೆ, ಮೊಟ್ಟೆ, ಆಲಿವ್ ಎಣ್ಣೆ, ಉಪ್ಪು ಇದ್ದರೆ ಸಾಕು. ಈರುಳ್ಳಿ ಹಾಕಬೇಕೋ ಬೇಡವೋ ಎಂಬ ವಾದ ಸ್ಪೇನಿನವರಲ್ಲಿ ಇನ್ನೂ ಮುಗಿದಿಲ್ಲ. ಹಾಕುವುದೇ ಮೇಲು, ಅದರ ಸಿಹಿಯ ಜೊತೆಗೆ ತೇವವೂ ಒಳಗೆ ಉಳಿಯುತ್ತದೆ.

ನಾಲ್ವರಿಗೆ 600 ಗ್ರಾಂ ಆಲೂಗಡ್ಡೆ, 6 ಮೊಟ್ಟೆ, ಒಂದು ಮಧ್ಯಮ ಗಾತ್ರದ ಈರುಳ್ಳಿ, 300 ಮಿ.ಲೀ. ಎಣ್ಣೆ ತೆಗೆದುಕೊಳ್ಳಿ. ಆಲಿವ್ ಎಣ್ಣೆ ದುಬಾರಿ ಎನಿಸಿದರೆ ಅರ್ಧದಷ್ಟು ಸೂರ್ಯಕಾಂತಿ ಎಣ್ಣೆ ಬೆರೆಸಬಹುದು. ಬಾಣಲೆ ತಳ ಅಂಟದಂಥದ್ದು, 20ರಿಂದ 22 ಸೆಂ.ಮೀ. ಅಗಲದ್ದು ಇರಲಿ. ಅದಕ್ಕಿಂತ ಅಗಲವಾದರೆ ಆಮ್ಲೆಟ್ ತೆಳ್ಳಗಾಗುತ್ತದೆ, ಹೊರಗಿನ ಬಣ್ಣ ಬರುವಷ್ಟರಲ್ಲಿ ಒಳಗೂ ಬೆಂದು ಗಟ್ಟಿಯಾಗಿರುತ್ತದೆ.

ಆಲೂಗಡ್ಡೆಯ ಸಿಪ್ಪೆ ತೆಗೆದು ತೊಳೆದು ಒರೆಸಿ, ಆಮೇಲೆ ಸುಮಾರು 3 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಹೆಚ್ಚಿದ ಮೇಲೆ ನೀರಿಗೆ ಹಾಕಬೇಡಿ. ಬಿಲ್ಲೆಗಳ ಮೇಲಿನ ಪಿಷ್ಟ ಮೊಟ್ಟೆಯನ್ನು ಹಿಡಿದಿಡಲು ನೆರವಾಗುತ್ತದೆ, ತೊಳೆದರೆ ಅದು ಹೋಗುತ್ತದೆ. ಒಂದು ಚಮಚ ಉಪ್ಪನ್ನು ಈಗಲೇ ಸವರಿ.

ಇನ್ನು ಎಣ್ಣೆಯ ಕೆಲಸ. ಇದು ಚಿಪ್ಸ್ ಕರಿಯುವುದಲ್ಲ, ಎಣ್ಣೆಯಲ್ಲಿ ಬೇಯಿಸುವುದು. ಎಣ್ಣೆ ಮಧ್ಯಮ ಉರಿಯಲ್ಲಿ ಕಾದಾಗ ಒಂದು ಬಿಲ್ಲೆ ಬಿಟ್ಟು ನೋಡಿ. ಸುತ್ತ ಸಣ್ಣ ಗುಳ್ಳೆಗಳು ನಿಧಾನವಾಗಿ ಏಳಬೇಕು. ಜೋರಾಗಿ ಚುರುಗುಟ್ಟಿದರೆ ಉರಿ ಹೆಚ್ಚಾಗಿದೆ ಎಂದರ್ಥ. ಎಲ್ಲವನ್ನೂ ಹಾಕಿ ಸಣ್ಣ ಉರಿಗೆ ಇಳಿಸಿ, ಐದು ನಿಮಿಷ ಕಳೆದ ಮೇಲೆ ಹೆಚ್ಚಿದ ಈರುಳ್ಳಿ ಸೇರಿಸಿ. ಮುಂದಿನ 20 ನಿಮಿಷ ಆಗಾಗ ಮೆಲ್ಲಗೆ ತಿರುವಿದರೆ ಸಾಕು. ಸಟ್ಟುಗದ ಅಂಚಿನಿಂದ ಮೆಲ್ಲಗೆ ಒತ್ತಿದಾಗ ಬಿಲ್ಲೆ ಸಲೀಸಾಗಿ ಎರಡಾಗಬೇಕು, ಬಣ್ಣ ಮಾತ್ರ ತಿಳಿಹಳದಿಯಾಗಿಯೇ ಇರಬೇಕು. ಅಂಚು ಕಂದಿದರೆ ಅಲ್ಲಿ ಗಟ್ಟಿ ಪದರ ಕಟ್ಟುತ್ತದೆ, ಮೊಟ್ಟೆ ಒಳಗೆ ಇಳಿಯುವುದಿಲ್ಲ.

ಜರಡಿಗೆ ಸುರಿದು ಎಣ್ಣೆ ಬಸಿಯಿರಿ. ಬಸಿದ ಎಣ್ಣೆ ಮುಂದಿನ ಸಲಕ್ಕೆ ಆಗುತ್ತದೆ. ದೊಡ್ಡ ಬಟ್ಟಲಿಗೆ ಮೊಟ್ಟೆ ಒಡೆದು ಚಿಟಿಕೆ ಉಪ್ಪು ಹಾಕಿ, ಹಳದಿ ಬಿಳಿ ಬೆರೆಯುವಷ್ಟು ಮಾತ್ರ ಕಲಕಿ, ನೊರೆ ಬರಿಸಬೇಡಿ. ಆಲೂಗಡ್ಡೆ ಐದು ನಿಮಿಷ ಆರಿದ ಮೇಲೆ ಸೇರಿಸಿ, ಕುದಿಬಿಸಿ ಇದ್ದರೆ ಬಟ್ಟಲಲ್ಲೇ ಮೊಟ್ಟೆ ಹೆಪ್ಪುಗಟ್ಟುತ್ತದೆ. ಕಲಸಿ 10 ನಿಮಿಷ ಬಿಡಿ. ಒಣ ಆಮ್ಲೆಟ್ ಆಗುವುದೋ ಇಲ್ಲವೋ ಇಲ್ಲೇ ಗೊತ್ತಾಗುತ್ತದೆ. ಆಲೂಗಡ್ಡೆಯ ಸಂದಿಗಳಲ್ಲೆಲ್ಲ ಮೊಟ್ಟೆ ಕಾಣಬೇಕು, ಬಟ್ಟಲು ಓರೆ ಮಾಡಿದರೆ ಮಿಶ್ರಣ ನಿಧಾನವಾಗಿ ಜಾರಬೇಕು. ಗುಡ್ಡೆಯಂತೆ ನಿಂತರೆ ಇನ್ನೊಂದು ಮೊಟ್ಟೆ ಒಡೆದು ಸೇರಿಸಿ.

ಬಾಣಲೆಯನ್ನು ಒರೆಸಿ, ಒಂದು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಮಿಶ್ರಣ ಸುರಿಯಿರಿ. ಕಾದ ಬಾಣಲೆಗೆ ಬಿದ್ದ ಮೊಟ್ಟೆ ಕೂಡಲೇ ಹೆಪ್ಪುಗಟ್ಟುವುದರಿಂದ ತಳ ಅಂಟುವುದಿಲ್ಲ. ಅರ್ಧ ನಿಮಿಷ ಕಳೆದ ಮೇಲೆ ಉರಿ ಸಣ್ಣದು ಮಾಡಿ, ಅಂಚನ್ನು ಸಟ್ಟುಗದಿಂದ ಬಿಡಿಸುತ್ತ 3-4 ನಿಮಿಷ ಬಿಡಿ. ಬಾಣಲೆ ಅಲುಗಿಸಿದಾಗ ಇಡೀ ಆಮ್ಲೆಟ್ ಒಟ್ಟಿಗೆ ಜಾರಿ, ನಡುವೆ ಮಾತ್ರ ತೂಗಾಡಿದರೆ ಮಗುಚುವ ಹೊತ್ತು. ಎಲ್ಲೋ ಹಿಡಿದುಕೊಂಡಿದ್ದರೆ ಮೊದಲು ಬಿಡಿಸಿ. ಹಾಗೇ ಮಗುಚಿದರೆ ತಳ ಹರಿದು ಬಾಣಲೆಯಲ್ಲೇ ಉಳಿಯುತ್ತದೆ.

ಬಾಣಲೆಗಿಂತ ಅಗಲವಾದ ತಟ್ಟೆ ಮುಚ್ಚಿ, ಅಂಗೈಯಿಂದ ಒತ್ತಿ ಹಿಡಿದು ಒಂದೇ ಸಲಕ್ಕೆ ಬೋರಲು ಹಾಕಿ. ತಡೆದು ತಡೆದು ತಿರುಗಿಸಿದರೆ ಹಸಿ ಮೊಟ್ಟೆ ಬದಿಯಿಂದ ಚೆಲ್ಲುತ್ತದೆ. ಸಿಂಕಿನ ಮೇಲೆ ಮಾಡುವುದು ಜಾಣತನ. ಬಾಣಲೆಗೆ ಮರಳಿ ಜಾರಿಸಿ, ಅಂಚನ್ನು ಸಟ್ಟುಗದಿಂದ ಒಳಕ್ಕೆ ಮಡಚಿದರೆ ದುಂಡನೆಯ ಬದಿ ಸಿಗುತ್ತದೆ. ಇನ್ನೊಂದು ಬದಿಗೆ 2 ನಿಮಿಷ ಸಾಕು. ಬೆರಳಿನಿಂದ ಒತ್ತಿದರೆ ನಡುವೆ ಮೆತ್ತಗೆ ತಗ್ಗಬೇಕು, ಗಟ್ಟಿಯಾಗಿ ಎದುರಿಸಬಾರದು. ಮೊಟ್ಟೆ ಹೆಪ್ಪುಗಟ್ಟಿದ ಮೇಲೂ ಬಿಸಿ ಏರುತ್ತಲೇ ಹೋದರೆ ಅದು ಬಿಗಿದು ನೀರು ಹಿಂಡುತ್ತದೆ. ತಟ್ಟೆಯಲ್ಲಿ ನೀರು ಜಿನುಗಿದ್ದರೆ ಉರಿ ಹೆಚ್ಚಾಯಿತು ಅಥವಾ ಹೊತ್ತು ಮೀರಿತು ಎಂದೇ ತಿಳಿಯಿರಿ.

ಸ್ಪೇನಿನ ಗಾಲಿಸಿಯಾ ಪ್ರದೇಶದ ಬೆತಾನ್ಸೊಸ್ ಊರಿನಲ್ಲಿ ಈರುಳ್ಳಿ ಇಲ್ಲದೆ, ಒಳಗೆ ಹರಿಯುವಷ್ಟು ಹಸಿಯಾಗಿ ಮಾಡುತ್ತಾರೆ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ತಿನ್ನುವುದಾದರೆ ಹಾಗೆ ಬಿಡಬೇಡಿ. ಉರಿ ಏರಿಸುವ ಬದಲು ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲೇ ಇನ್ನೆರಡು ಮೂರು ನಿಮಿಷ ಇಟ್ಟು ನಡುವೆ ಪೂರ್ತಿ ಹೆಪ್ಪುಗಟ್ಟಿಸಿ. ಇಳಿಸಿದ ಮೇಲೆ ಐದು ನಿಮಿಷ ಬಿಟ್ಟು ಕತ್ತರಿಸಿ.